ಗಡುವು 2028ಕ್ಕೆ ಹೋದರೂ ಲಾಟ್ ನಂಬರನ್ನು ಈಗಲೇ ಏಕೆ ಕೇಳುತ್ತಿದ್ದಾರೆ?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಆಹಾರದ ಜಾಡು ಹಿಡಿಯುವ ತನ್ನ ಹೊಸ ನಿಯಮವನ್ನು 2026ರ ಜನವರಿ 20ರಿಂದ ಜಾರಿಗೆ ತರಬೇಕಿತ್ತು. 2025ರ ಮಾರ್ಚ್‌ನಲ್ಲಿ ಅದನ್ನು ಮೂವತ್ತು ತಿಂಗಳು ಮುಂದೂಡುವುದಾಗಿ ಹೇಳಿತು. ಹೊಸ ದಿನಾಂಕ 2028ರ ಜುಲೈ 20. ಸುದ್ದಿ ಓದಿದ ರಫ್ತುದಾರರು, ಆಮದುದಾರರು, ಪ್ಯಾಕಿಂಗ್ ಘಟಕದವರು ಇನ್ನೂ ಸಮಯವಿದೆ ಎಂದುಕೊಂಡರು. ಆದರೆ ವಾಲ್‌ಮಾರ್ಟ್, ಕ್ರೋಗರ್‌ನಂಥ ದೊಡ್ಡ ರಿಟೇಲ್ ಕಂಪನಿಗಳು ತಮ್ಮ ಪೂರೈಕೆದಾರರಿಗೆ ಮೊದಲೇ ಬೇರೆ ಮಾತು ಹೇಳಿದ್ದವು: ಲಾರಿ ನಮ್ಮ ವಿತರಣಾ ಕೇಂದ್ರ ತಲುಪುವ ಮುನ್ನ ಎಲೆಕ್ಟ್ರಾನಿಕ್ ಮುಂಗಡ ಸೂಚನೆ ಬರಬೇಕು, ಅದರಲ್ಲಿ ಪ್ರತಿ ಸರಕಿನ ಲಾಟ್ ನಂಬರ್, ಅಂದರೆ ಒಟ್ಟಿಗೆ ಪ್ಯಾಕ್ ಆದ ಸರಕಿನ ಗುಂಪಿಗೆ ಕೊಟ್ಟ ಗುರುತು, ಇರಬೇಕು.

ಸರ್ಕಾರವೇ ಕಾಯಲು ಒಪ್ಪಿರುವಾಗ ಅಂಗಡಿಯವರಿಗೇಕೆ ಅವಸರ? ಕಾಗದದಲ್ಲಿ ಕೊಟ್ಟರೂ ನಡೆಯುತ್ತದೆ ಎಂದು ನಿಯಮವೇ ಹೇಳುವಾಗ ಇವರು ಕಂಪ್ಯೂಟರ್ ಸಂದೇಶವೇ ಬೇಕೆನ್ನುವುದೇಕೆ? ಇದಕ್ಕೆ ಉತ್ತರ ಸಿಗಬೇಕಾದರೆ ಆ ಮುಂಗಡ ಸೂಚನೆ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ನೋಡಬೇಕು.

## ಲಾರಿಗಿಂತ ಮೊದಲು ಬರುವ ಸಂದೇಶ

ರಿಟೇಲ್ ವ್ಯಾಪಾರದಲ್ಲಿ ಇಡಿಐ ಅಂದರೆ ಎರಡು ಕಂಪನಿಗಳ ಕಂಪ್ಯೂಟರ್‌ಗಳು ನಿಗದಿತ ನಮೂನೆಯಲ್ಲಿ ದಾಖಲೆ ವಿನಿಮಯ ಮಾಡಿಕೊಳ್ಳುವ ವ್ಯವಸ್ಥೆ. ನಡುವೆ ಯಾರೂ ಕೂತು ಟೈಪ್ ಮಾಡುವುದಿಲ್ಲ. ಅಮೆರಿಕದಲ್ಲಿ ಬಳಕೆಯಲ್ಲಿರುವುದು ಎಕ್ಸ್12 ಎಂಬ ನಮೂನೆ, ಅದರ ಸಮಿತಿ ರೂಪುಗೊಂಡಿದ್ದು 1979ರಲ್ಲಿ. ಅಲ್ಲಿ ಪ್ರತಿ ದಾಖಲೆಗೂ ಒಂದು ಸಂಖ್ಯೆಯಿದೆ. ರಿಟೇಲರ್ ಕಳಿಸುವ ಪರ್ಚೇಸ್ ಆರ್ಡರ್ 850, ಪೂರೈಕೆದಾರ ಕಳಿಸುವ ಇನ್‌ವಾಯ್ಸ್ 810. ಇವೆರಡರ ನಡುವೆ, ಸರಕು ಹೊರಟಾಗ ಪೂರೈಕೆದಾರ ಕಳಿಸುವುದು 856. ಮೇಲೆ ಹೇಳಿದ ಮುಂಗಡ ಸೂಚನೆ ಇದೇ, ಇದನ್ನೇ ಎಲ್ಲರೂ ಎಎಸ್‌ಎನ್ ಎನ್ನುತ್ತಾರೆ.

ವಿತರಣಾ ಕೇಂದ್ರದಲ್ಲಿ ಲಾರಿಯಿಂದ ಸರಕು ಇಳಿಸುವ ಕಟ್ಟೆಯಾದ ಡಾಕ್‌ನಲ್ಲಿ ಎಎಸ್‌ಎನ್ ಉಳಿಸುವುದು ಎಣಿಸುವ ಕೆಲಸವನ್ನು. ಸೂಚನೆ ಬಾರದಿದ್ದರೆ ಲಾರಿಯಿಂದ ಇಳಿದ ಪ್ರತಿ ಪ್ಯಾಲೆಟ್, ಅಂದರೆ ಬಾಕ್ಸ್‌ಗಳನ್ನು ಪೇರಿಸಿದ ಹಲಗೆಯ ಮುಂದೆ ಒಬ್ಬರು ನಿಂತು ಯಾವ ಸರಕು, ಎಷ್ಟು ಬಾಕ್ಸ್, ಯಾವ ಆರ್ಡರ್ ಎಂದು ನೋಡಿ ದಾಖಲಿಸಬೇಕು. ಸೂಚನೆ ಮೊದಲೇ ಬಂದಿದ್ದರೆ ಪ್ಯಾಲೆಟ್ ಮೇಲಿನ ಲೇಬಲ್ಲನ್ನು ಒಮ್ಮೆ ಸ್ಕ್ಯಾನ್ ಮಾಡಿದರೆ ಸಾಕು. ಆ ಲೇಬಲ್ಲಿನ ಹದಿನೆಂಟು ಅಂಕಿಗಳ ಸಂಖ್ಯೆಗೆ ಎಸ್‌ಎಸ್‌ಸಿಸಿ ಎಂದು ಹೆಸರು. ಅದು ಆ ಪ್ಯಾಲೆಟ್‌ಗೆ ಮಾತ್ರ ಸೇರಿದ ಗುರುತು. ಪ್ಯಾಲೆಟ್ಟಿನೊಳಗೆ ಏನಿದೆ ಎಂಬ ವಿವರ ಆ ಸಂಖ್ಯೆಯಲ್ಲಿರುವುದಿಲ್ಲ, ಎಎಸ್‌ಎನ್‌ನಲ್ಲಿರುತ್ತದೆ. ಸ್ಕ್ಯಾನರ್ ಆ ಸಂಖ್ಯೆಯನ್ನು ಓದಿದ ತಕ್ಷಣ ವ್ಯವಸ್ಥೆ ಎಎಸ್‌ಎನ್‌ನಲ್ಲಿ ಅದನ್ನು ಹುಡುಕಿ ಇನ್ನೂರು ಬಾಕ್ಸ್‌ಗಳನ್ನು ಒಮ್ಮೆಲೇ ದಾಸ್ತಾನಿಗೆ ಸೇರಿಸಿಬಿಡುತ್ತದೆ.

ಅಂದರೆ ರಿಟೇಲರ್ ಇಲ್ಲಿ ಸರಕನ್ನು ನೋಡುತ್ತಿಲ್ಲ, ಪೂರೈಕೆದಾರ ಹೇಳಿದ ಮಾತನ್ನು ಒಪ್ಪಿಕೊಳ್ಳುತ್ತಿದ್ದಾನೆ. ಮುಂದಿನ ಎಲ್ಲ ತೊಡಕಿನ ಮೂಲ ಇಲ್ಲಿದೆ.

ಒಂದು ಎಎಸ್‌ಎನ್‌ನ ತುಣುಕನ್ನು ಹತ್ತಿರದಿಂದ ನೋಡಿ. ಇದು ವಿವರಣೆಗಾಗಿ ಬರೆದದ್ದು.

```
BSN*00*48213*20260514*0640*0001~
HL*1**S~
HL*2*1*O~
PRF*7700154~
HL*3*2*T~
MAN*GM*00006141410000000517~
HL*4*3*I~
LIN**UK*10614141000453*LT*M0514C~
SN1**200*CA~
```

ಮೊದಲ ಸಾಲಿನಲ್ಲಿ ಸಾಗಣೆಯ ಸಂಖ್ಯೆ, ದಿನಾಂಕ, ಸಮಯ ಇವೆ. `HL` ಸಾಲುಗಳು ಒಂದರೊಳಗೆ ಇನ್ನೊಂದು ಅಡಕವಾಗಿವೆ: ಸಾಗಣೆಯೊಳಗೆ ಆರ್ಡರ್, ಆರ್ಡರಿನೊಳಗೆ ಪ್ಯಾಲೆಟ್, ಪ್ಯಾಲೆಟ್ಟಿನೊಳಗೆ ಸರಕು. `PRF` ಸಾಲಿನಲ್ಲಿ ಆರ್ಡರ್ ಸಂಖ್ಯೆ, `MAN` ಸಾಲಿನಲ್ಲಿ, ಮುಂದೆ ಎರಡು ಸೊನ್ನೆ ಸೇರಿಸಿ ಬರೆದ, ಪ್ಯಾಲೆಟ್‌ನ ಹದಿನೆಂಟು ಅಂಕಿಗಳ ಗುರುತು, ಕೊನೆಯ ಸಾಲಿನಲ್ಲಿ ಇನ್ನೂರು ಬಾಕ್ಸ್ ಎಂಬ ಎಣಿಕೆ. ಇವಿಷ್ಟೂ ಬಹಳ ಹಿಂದಿನಿಂದ ಇರುವಂಥವು. ಈಗ ಹೊಸದಾಗಿ ಕಡ್ಡಾಯವಾಗುತ್ತಿರುವುದು `LIN` ಸಾಲಿನ ಕೊನೆಯಲ್ಲಿರುವ `LT` ಮತ್ತು ಅದರ ಪಕ್ಕದ `M0514C`. ಲಾಟ್ ನಂಬರ್ ಅದೇ.

## ನಿಯಮ ಕೇಳುವುದೊಂದು, ಕರಾರು ಕೇಳುವುದೊಂದು

ಎಫ್‌ಡಿಎ ನಿಯಮದ ಬೇರು 2011ರ ಜನವರಿಯಲ್ಲಿ ಸಹಿಯಾದ ಆಹಾರ ಸುರಕ್ಷತಾ ಆಧುನೀಕರಣ ಕಾಯ್ದೆಯ 204ನೇ ಸೆಕ್ಷನ್‌ನಲ್ಲಿದೆ. ಅಂತಿಮ ನಿಯಮ ಬಂದದ್ದು 2022ರ ನವೆಂಬರ್‌ನಲ್ಲಿ. ಅದು ಎಲ್ಲ ಆಹಾರಕ್ಕೂ ಅನ್ವಯಿಸುವುದಿಲ್ಲ. ಹಸಿರು ಸೊಪ್ಪು, ಟೊಮೆಟೊ, ಸೌತೆಕಾಯಿ, ಮೊಟ್ಟೆ, ಮೀನು, ಸೀಗಡಿ, ಮಾವು ಮತ್ತು ಹಲಸಿನಂಥ ತಾಜಾ ಉಷ್ಣವಲಯದ ಹಣ್ಣು ಹೀಗೆ ಒಂದು ಪಟ್ಟಿಯಿದೆ. ಪಟ್ಟಿಯಲ್ಲಿರುವ ಆಹಾರವನ್ನು ಮೊದಲು ಪ್ಯಾಕ್ ಮಾಡುವವರು ಅದಕ್ಕೊಂದು ಲಾಟ್ ಕೋಡ್ ಕೊಡಬೇಕು. ಅಲ್ಲಿಂದ ಮುಂದೆ ಸರಕನ್ನು ಕಳಿಸುವ ಪ್ರತಿಯೊಬ್ಬರೂ ಆ ಕೋಡನ್ನು ಮುಂದಿನವರಿಗೆ ದಾಟಿಸಬೇಕು. ಎಫ್‌ಡಿಎ ಕೇಳಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಆ ಮಾಹಿತಿಯನ್ನು ವಿಂಗಡಿಸಲು ಬರುವಂಥ ಎಲೆಕ್ಟ್ರಾನಿಕ್ ಪಟ್ಟಿಯಾಗಿ ಒದಗಿಸಬೇಕು.

ಕೋಡನ್ನು ಮುಂದಿನವರಿಗೆ ಹೇಗೆ ದಾಟಿಸಬೇಕು? ಎಲೆಕ್ಟ್ರಾನಿಕ್ ಆದರೂ ಸರಿ, ಕಾಗದವಾದರೂ ಸರಿ ಎನ್ನುತ್ತದೆ ನಿಯಮ. 856 ಎಂಬ ಮಾತು ಅದರಲ್ಲಿಲ್ಲ. ಹಾಗಾಗಿ ನಿಯಮ ಮುಂದೂಡಿದ್ದಕ್ಕೂ ಎಎಸ್‌ಎನ್ ಬೇಡಿಕೆಗೂ ನೇರ ಸಂಬಂಧವಿಲ್ಲ. ಎಎಸ್‌ಎನ್ ಕೇಳುತ್ತಿರುವುದು ಕಾನೂನಲ್ಲ, ರಿಟೇಲರ್ ಮತ್ತು ಪೂರೈಕೆದಾರರ ನಡುವಿನ ಕರಾರು. ಕರಾರಿನ ಗಡುವನ್ನು ಎಫ್‌ಡಿಎ ಬದಲಿಸಲಾರದು. ಕ್ರೋಗರ್ ಅಂತೂ ಪಟ್ಟಿಯಲ್ಲಿಲ್ಲದ ಆಹಾರಕ್ಕೂ ಲಾಟ್ ಮಾಹಿತಿ ಕೇಳಿದೆ.

ಇದು ಬರೀ ಹಟ ಎನ್ನಲಾಗದು. ದಿನಕ್ಕೆ ನೂರಾರು ಲಾರಿ ಇಳಿಸುವ ಕೇಂದ್ರದಲ್ಲಿ ಕಾಗದದ ಮೇಲೆ ಬಂದ ಲಾಟ್ ನಂಬರನ್ನು ಯಾರಾದರೂ ಕೂತು ಟೈಪ್ ಮಾಡಬೇಕಾಗುತ್ತದೆ. ಹಾಗೆ ಮಾಡಿದರೆ ಎಣಿಕೆಯ ಶ್ರಮ ಉಳಿಸಲು ಕಟ್ಟಿದ ವ್ಯವಸ್ಥೆಯೇ ವ್ಯರ್ಥ. ಇಪ್ಪತ್ತನಾಲ್ಕು ಗಂಟೆಯಲ್ಲಿ ಪಟ್ಟಿ ಕೊಡಬೇಕಾದ ಹೊಣೆ ರಿಟೇಲರ್ ಮೇಲೂ ಇದೆ. ಪಟ್ಟಿಯಲ್ಲಿರುವ ಆಹಾರಕ್ಕೊಂದು ಕ್ರಮ, ಇಲ್ಲದ್ದಕ್ಕೊಂದು ಕ್ರಮ ಎಂದು ಒಂದೇ ಡಾಕ್‌ನಲ್ಲಿ ಎರಡು ಪದ್ಧತಿ ನಡೆಸುವುದೂ ಕಷ್ಟ.

## ಮಾವಿನ ಒಂದು ಪೊಟ್ಟಣದ ಜಾಡು

ಈ ಒತ್ತಡದ ಹಿಂದೆ ಒಂದು ಇತಿಹಾಸವಿದೆ. 2018ರ ವಸಂತದಲ್ಲಿ ರೊಮೇನ್ ಎಂಬ ಸೊಪ್ಪಿನಿಂದ ಅಮೆರಿಕದಲ್ಲಿ ಇ. ಕೋಲಿ ಸೋಂಕು ಹರಡಿ 210 ಜನ ಕಾಯಿಲೆ ಬಿದ್ದರು, ಐವರು ಸತ್ತರು. ಅದೇ ವರ್ಷ ನವೆಂಬರ್‌ನಲ್ಲಿ ಮತ್ತೆ ಸೋಂಕು ಕಂಡಾಗ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊಸ್ತಿಲಲ್ಲಿ, ರೊಮೇನ್ ಸೊಪ್ಪನ್ನೇ ಯಾರೂ ತಿನ್ನಬೇಡಿ ಎಂದು ಇಡೀ ದೇಶಕ್ಕೆ ಹೇಳಬೇಕಾಯಿತು. ಯಾವ ಹೊಲದ್ದು ಎಂದು ಬೇಗ ಗುರುತಿಸಲಾಗದೆ ಹೋದಾಗ ತಪ್ಪಿಲ್ಲದ ಬೆಳೆಗಾರರ ಸೊಪ್ಪೂ ತಿಪ್ಪೆ ಸೇರುತ್ತದೆ.

ಇದಕ್ಕೂ ಮೊದಲೇ ವಾಲ್‌ಮಾರ್ಟ್‌ನಲ್ಲಿ ಆಹಾರ ಸುರಕ್ಷತೆಯ ಹೊಣೆ ಹೊತ್ತಿದ್ದ ಫ್ರಾಂಕ್ ಯಿಯಾನ್ನಸ್ ಒಂದು ಪರೀಕ್ಷೆ ಮಾಡಿಸಿದ್ದರು. ಹೋಳು ಮಾಡಿದ ಮಾವಿನ ಒಂದು ಪೊಟ್ಟಣ ಯಾವ ತೋಟದಿಂದ ಬಂತೆಂದು ಪತ್ತೆಮಾಡಲು ಅವರ ತಂಡಕ್ಕೆ ಹಿಡಿದದ್ದು 6 ದಿನ 18 ಗಂಟೆ 26 ನಿಮಿಷ. ಮಾಹಿತಿಯೆಲ್ಲ ಮೊದಲೇ ಒಂದೆಡೆ ಡಿಜಿಟಲ್ ಆಗಿ ಸೇರಿದ್ದ ಪ್ರಯೋಗದಲ್ಲಿ ಅದೇ ಕೆಲಸಕ್ಕೆ 2.2 ಸೆಕೆಂಡ್ ಸಾಕಾಯಿತು. ಆ ಪ್ರಯೋಗ ನಡೆದದ್ದು ಬ್ಲಾಕ್‌ಚೈನ್ ಎಂಬ ಹಂಚಿಕೆಯ ಡಿಜಿಟಲ್ ದಾಖಲೆ ಪುಸ್ತಕದಲ್ಲಿ, ಹಾಗಾಗಿ ಆಗ ಎಲ್ಲರೂ ಅದರ ಬಗ್ಗೆಯೇ ಮಾತಾಡಿದರು. ನನ್ನ ಮಟ್ಟಿಗೆ ಆ ಪರೀಕ್ಷೆ ತೋರಿಸಿದ್ದು ಬೇರೆ. ಸಮಯ ಹೋಗಿದ್ದು ಹುಡುಕುವುದರಲ್ಲಲ್ಲ, ಪ್ರತಿ ಕೈ ಬದಲಾದಾಗ ಲಾಟ್ ನಂಬರ್ ಮುಂದಕ್ಕೆ ಹೋಗದೆ ಅಲ್ಲೇ ಉಳಿದುಬಿಟ್ಟಿದ್ದರಲ್ಲಿ. ಅದನ್ನು ಮುಂದಕ್ಕೆ ಕೊಂಡೊಯ್ಯಲು ಉದ್ಯಮದ ಬಳಿ ಆಗಲೇ ಇದ್ದ ವಾಹನ ಎಎಸ್‌ಎನ್. ಯಿಯಾನ್ನಸ್ ನಂತರ ಎಫ್‌ಡಿಎ ಸೇರಿ ಈ ನಿಯಮವನ್ನು ರೂಪಿಸಿದವರಲ್ಲಿ ಮುಖ್ಯರಾದರು.

## ಎಣಿಕೆ ಸರಿ, ಲಾಟ್ ತಪ್ಪು

ಈಗ ತೊಡಕಿನ ಜಾಗಕ್ಕೆ ಬರೋಣ. ಎಎಸ್‌ಎನ್‌ನಲ್ಲಿ ಎಣಿಕೆ ತಪ್ಪಿದರೆ ಗೊತ್ತಾಗುತ್ತದೆ. ಇನ್ನೂರು ಎಂದು ಹೇಳಿ ನೂರೆಂಬತ್ತು ಬಂದರೆ ಇಂದಲ್ಲ ನಾಳೆ ದಾಸ್ತಾನು ತಾಳೆಯಾಗುವುದಿಲ್ಲ, ಇನ್‌ವಾಯ್ಸ್ ಜಗಳ ಬರುತ್ತದೆ, ರಿಟೇಲರ್ ಬಿಲ್ಲಿನಲ್ಲಿ ದಂಡ ಕಡಿತ ಮಾಡುತ್ತಾನೆ. ಹಣದ ಲೆಕ್ಕವೇ ಆ ತಪ್ಪನ್ನು ಹೊರಗೆಳೆಯುತ್ತದೆ. ಲಾಟ್ ತಪ್ಪಿದರೆ ಹಾಗಾಗುವುದಿಲ್ಲ. ಎರಡೂ ಲಾಟಿನ ಮಾವಿಗೆ ಒಂದೇ ಬೆಲೆ, ಒಂದೇ ಸರಕಿನ ಸಂಖ್ಯೆ, ಒಂದೇ ರುಚಿ.

ಒಂದು ಉದಾಹರಣೆ ಹಾಕಿಕೊಳ್ಳೋಣ. ಟೆಕ್ಸಾಸ್ ಗಡಿಯ ಮೆಕ್ಯಾಲನ್‌ನಲ್ಲಿ ಮೆಕ್ಸಿಕೋದ ಮಾವು ತರಿಸುವ ಒಬ್ಬ ಆಮದುದಾರನಿದ್ದಾನೆ. ರಿಟೇಲರ್ ಒಬ್ಬನ ವಿತರಣಾ ಕೇಂದ್ರಕ್ಕೆ 20 ಪ್ಯಾಲೆಟ್ ಕಳಿಸಬೇಕು, ಒಂದೊಂದರಲ್ಲಿ 200 ಬಾಕ್ಸ್. ಹದಿಮೂರು ಪ್ಯಾಲೆಟ್ `M0512A` ಲಾಟಿನವು, ಏಳು `M0514C` ಲಾಟಿನವು. ಲಾರಿಗೆ ಏನೇನು ಹಾಕಬೇಕೆಂಬ ಪಟ್ಟಿ ಬೆಳಿಗ್ಗೆಯೇ ತಯಾರಾಗಿದೆ, ಲೇಬಲ್‌ಗಳು ಅಂಟಿವೆ, ಎಎಸ್‌ಎನ್ ಆ ಪಟ್ಟಿಯಿಂದಲೇ 6.40ಕ್ಕೆ ಹೊರಟುಹೋಗಿದೆ.

ಲೋಡ್ ಮಾಡುವಾಗ ಫೋರ್ಕ್‌ಲಿಫ್ಟ್ ತಗುಲಿ `M0514C`ಯ ಒಂದು ಪ್ಯಾಲೆಟ್‌ನ ಬಾಕ್ಸ್‌ಗಳು ಜಜ್ಜಿಹೋದವು. ಡಾಕ್‌ನಲ್ಲಿದ್ದವರು ಅದನ್ನು ಪಕ್ಕಕ್ಕಿಟ್ಟು ಕೋಲ್ಡ್ ಸ್ಟೋರೇಜ್‌ನಿಂದ ಇನ್ನೊಂದನ್ನು ತಂದರು. ಅದು `M0512A` ಲಾಟಿನದು. ಲಾರಿಗೆ ತಡವಾಗುತ್ತಿದೆ, ವಿತರಣಾ ಕೇಂದ್ರದಲ್ಲಿ ಇಳಿಸುವ ಸಮಯ ನಿಗದಿಯಾಗಿದೆ, ತಪ್ಪಿದರೆ ದಂಡ. ಹಾಗಾಗಿ ಹಳೆಯ ಪ್ಯಾಲೆಟ್‌ನ ಲೇಬಲ್ಲನ್ನೇ ಮತ್ತೊಮ್ಮೆ ಪ್ರಿಂಟ್ ಮಾಡಿ ಹೊಸದಕ್ಕೆ ಅಂಟಿಸಿದರು. ಕೊನೆಗೆ 517 ಬರುವ ಅದೇ ಸಂಖ್ಯೆ. ಅವರ ದೃಷ್ಟಿಯಲ್ಲಿ ಕೆಲಸ ಸರಿಯಾಗಿದೆ: 20 ಪ್ಯಾಲೆಟ್, 4,000 ಬಾಕ್ಸ್, ಮಾವು.

ವಿತರಣಾ ಕೇಂದ್ರದಲ್ಲಿ ಸ್ಕ್ಯಾನರ್ 517ನ್ನು ಓದಿತು. ಎಎಸ್‌ಎನ್‌ನಲ್ಲಿ ಅದು ಇದೆ, ಎಣಿಕೆಯೂ ಇದೆ, ಆರ್ಡರ್‌ಗೂ ತಾಳೆಯಾಗುತ್ತದೆ. ವ್ಯವಸ್ಥೆ ಆ ಇನ್ನೂರು ಬಾಕ್ಸ್‌ಗಳನ್ನು `M0514C` ಎಂದು ದಾಖಲಿಸಿಕೊಂಡಿತು. ಇನ್‌ವಾಯ್ಸ್ ಪಾವತಿಯಾಯಿತು. ಎಲ್ಲರ ಪರದೆಯಲ್ಲೂ ಎಲ್ಲವೂ ಸರಿಯಾಗಿದೆ.

ಹತ್ತು ದಿನದ ಮೇಲೆ `M0512A` ಲಾಟಿನಲ್ಲಿ ಸಾಲ್ಮೊನೆಲ್ಲಾ ಸಿಕ್ಕಿ ವಾಪಸ್ ಕರೆಯಬೇಕಾಯಿತು ಎಂದುಕೊಳ್ಳಿ. ರಿಟೇಲರ್‌ನ ವ್ಯವಸ್ಥೆ ಹದಿಮೂರು ಪ್ಯಾಲೆಟ್ ಹೋದ ಅಂಗಡಿಗಳಿಗೆ ಮಾತ್ರ ಸೂಚನೆ ಕಳಿಸುತ್ತದೆ. ಹದಿನಾಲ್ಕನೆಯದರ ಇನ್ನೂರು ಬಾಕ್ಸ್ ಕಪಾಟಿನಲ್ಲಿ ಉಳಿಯುತ್ತವೆ. ಕಾಗದದ ಕಾಲದಲ್ಲಾಗಿದ್ದರೆ ಲಾಟ್ ಗೊತ್ತಿಲ್ಲವೆಂದು ಆ ವಾರದ ಮಾವನ್ನೆಲ್ಲ ತೆಗೆಯುತ್ತಿದ್ದರು. ನಷ್ಟ ದೊಡ್ಡದಾಗುತ್ತಿತ್ತು, ಆದರೆ ಕೆಟ್ಟ ಹಣ್ಣು ಉಳಿಯುತ್ತಿರಲಿಲ್ಲ. ಲಾಟ್ ಮಾಹಿತಿಯನ್ನು ನಂಬಿ ಕಿರಿದಾದ ಬಲೆ ಬೀಸುವಾಗ ಆ ಮಾಹಿತಿ ನಿಜವಾಗಿರಲೇಬೇಕು. ಇಲ್ಲದಿದ್ದರೆ ಮಾಹಿತಿ ಇಲ್ಲದಿರುವುದಕ್ಕಿಂತ ಅಪಾಯ ಹೆಚ್ಚು.

ಈ ತಪ್ಪನ್ನು ಹಿಡಿಯುವ ದಾರಿ ಇದೆ. ತಾಜಾ ಹಣ್ಣಿನ ಬಾಕ್ಸ್‌ಗಳ ಮೇಲೆ ಸರಕಿನ ಸಂಖ್ಯೆ ಮತ್ತು ಲಾಟ್ ಎರಡೂ ಇರುವ ಬಾರ್‌ಕೋಡ್ ಅಂಟಿಸುವ ರೂಢಿ ಉದ್ಯಮದಲ್ಲಿ ಹಲವು ವರ್ಷಗಳಿಂದಿದೆ. ಲಾರಿಗೆ ಹಾಕುವಾಗ ಪ್ಯಾಲೆಟ್‌ನ ಲೇಬಲ್ ಜೊತೆಗೆ ಒಂದು ಬಾಕ್ಸನ್ನೂ ಸ್ಕ್ಯಾನ್ ಮಾಡಿದರೆ ಪ್ಯಾಲೆಟ್ `M0514C` ಎನ್ನುತ್ತದೆ, ಬಾಕ್ಸ್ `M0512A` ಎನ್ನುತ್ತದೆ. ತಪ್ಪು ಅಲ್ಲೇ ಬಯಲಾಗುತ್ತದೆ. ಒಂದೇ ಪ್ಯಾಲೆಟ್‌ನಲ್ಲಿ ಎರಡು ಲಾಟ್ ಬೆರೆತಿದ್ದರೆ ಮಾತ್ರ ಒಂದು ಬಾಕ್ಸ್ ಸಾಲದು. ಅಂಥ ಪ್ಯಾಲೆಟ್‌ಗೆ ಎಎಸ್‌ಎನ್‌ನಲ್ಲೇ ಎರಡು `LIN` ಸಾಲುಗಳು ಬೇಕು, ಒಂದೊಂದಕ್ಕೂ ಅದರದೇ ಎಣಿಕೆ ಬೇಕು.

ಇನ್ನೊಂದು ಮಾತು. ಎಎಸ್‌ಎನ್ ಹೊರಡಬೇಕಾದದ್ದು ಲಾರಿಯ ಬಾಗಿಲು ಮುಚ್ಚಿದ ಮೇಲೆ, ಸ್ಕ್ಯಾನ್ ಆದ ಮಾಹಿತಿಯಿಂದ. ಬೆಳಿಗ್ಗೆಯ ಪಟ್ಟಿಯಿಂದ ಹೊರಡುವ ಎಎಸ್‌ಎನ್ ಹೇಳುವುದು ಏನು ಕಳಿಸಬೇಕೆಂದಿದ್ದರು ಎಂಬುದನ್ನು, ಏನು ಕಳಿಸಿದರು ಎಂಬುದನ್ನಲ್ಲ. ದಾಖಲೆಯಲ್ಲೇ ಇದರ ಕುರುಹು ಸಿಗುತ್ತದೆ: `BSN` ಸಾಲಿನ ಸಮಯ ಲಾರಿ ಗೇಟ್ ದಾಟಿದ ಸಮಯಕ್ಕಿಂತ ಗಂಟೆಗಟ್ಟಲೆ ಹಿಂದಿರುತ್ತದೆ. ಇಪ್ಪತ್ತು ಪ್ಯಾಲೆಟ್‌ಗೂ ಒಂದೇ ಲಾಟ್, ವಾರಗಟ್ಟಲೆ ಅದೇ ಲಾಟ್, ಅಥವಾ ಲಾಟ್ ಜಾಗದಲ್ಲಿ ಆರ್ಡರ್ ಸಂಖ್ಯೆಯೇ ಕೂತಿರುವುದು ಕಂಡರೂ ಯಾರೋ ಖಾಲಿ ಜಾಗ ತುಂಬಿಸಿದ್ದಾರೆ ಎಂದರ್ಥ.

## 997 ಬಂತು ಎಂದರೆ ಸರಿಯಿದೆ ಎಂದಲ್ಲ

ಪೂರೈಕೆದಾರರು ಮೇಲಿಂದ ಮೇಲೆ ಎಡವುವ ಜಾಗವೊಂದಿದೆ. ಎಎಸ್‌ಎನ್ ತಲುಪಿದ ಮೇಲೆ ರಿಟೇಲರ್‌ನ ವ್ಯವಸ್ಥೆ 997 ಎಂಬ ಸ್ವೀಕೃತಿ ಕಳಿಸುತ್ತದೆ. ಅದು ಬಂದರೆ ಕೆಲಸ ಮುಗಿಯಿತೆಂದು ಹಲವರು ಭಾವಿಸುತ್ತಾರೆ. 997 ಪರಿಶೀಲಿಸುವುದು ನಮೂನೆಯ ವ್ಯಾಕರಣವನ್ನು ಮಾತ್ರ: ಸಾಲುಗಳು ಕ್ರಮದಲ್ಲಿವೆಯೇ, ಕಡ್ಡಾಯ ಅಂಶಗಳು ತುಂಬಿವೆಯೇ. ಲಾಟ್ ಜಾಗದಲ್ಲಿ `NA` ಎಂದು ಬರೆದರೂ 997 ಒಪ್ಪಿಗೆಯೆಂದೇ ಬರಬಹುದು. ಒಳಗಿನ ಮಾಹಿತಿಯ ತಪ್ಪು ಗೊತ್ತಾಗುವುದು ಡಾಕ್‌ನಲ್ಲಿ, ಇಲ್ಲವೇ ವಾರಗಳ ಬಳಿಕ ಬರುವ ದಂಡದ ಪಟ್ಟಿಯಲ್ಲಿ.

## ಯಾರ ವಾದ ಏನು?

ಮುಂದೂಡಿಕೆಗೆ ಎಫ್‌ಡಿಎ ಕೊಟ್ಟ ಕಾರಣವನ್ನು ಗಮನಿಸಬೇಕು. ತಾವು ಸಿದ್ಧವಾಗಿದ್ದವರಿಗೂ ತಮ್ಮ ವ್ಯಾಪಾರದ ಜೊತೆಗಾರರಿಂದ ಸರಿಯಾದ ಮಾಹಿತಿ ಬರುತ್ತದೆಂಬ ಭರವಸೆ ಇರಲಿಲ್ಲ, ಸರಪಳಿಯ ಎಲ್ಲರೂ ಒಟ್ಟಿಗೆ ಸಿದ್ಧವಾಗದೆ ನಿಯಮ ನಡೆಯದು ಎಂಬುದು ಅದರ ವಿವರಣೆ. ಗ್ರಾಹಕ ಸಂಘಟನೆಗಳು ಇದನ್ನು ಒಪ್ಪಲಿಲ್ಲ. ಕಾಯ್ದೆ ಬಂದು ಹದಿನಾಲ್ಕು ವರ್ಷವಾಗಿದೆ, ಇನ್ನೆಷ್ಟು ಕಾಯಬೇಕು ಎಂಬುದು ಅವರ ಪ್ರಶ್ನೆ.

ರಿಟೇಲರ್‌ಗಳ ಕಷ್ಟ ಬೇರೆಯದು, ಅದನ್ನು ಅವರ ಸಂಘಗಳು ಜೋರಾಗಿಯೇ ಹೇಳಿವೆ. ಪೂರೈಕೆದಾರನಿಂದ ಪ್ಯಾಲೆಟ್ ಲೆಕ್ಕದಲ್ಲಿ ಲಾಟ್ ಪಡೆಯುವುದು ಸಾಧ್ಯ. ಆದರೆ ವಿತರಣಾ ಕೇಂದ್ರದಲ್ಲಿ ಪ್ಯಾಲೆಟ್ ಒಡೆಯುತ್ತದೆ, ಒಂದು ಅಂಗಡಿಗೆ ಆರು ಬಾಕ್ಸ್, ಇನ್ನೊಂದಕ್ಕೆ ಹತ್ತು. ಕೇಂದ್ರದಿಂದ ಅಂಗಡಿಗೆ ಹೋಗುವ ಪ್ರತಿ ಬಾಕ್ಸಿನ ಲಾಟನ್ನೂ ದಾಖಲಿಸಬೇಕೆಂದರೆ ಬಾಕ್ಸ್ ಎತ್ತುವ ಪ್ರತಿ ಸಲವೂ ಒಂದು ಸ್ಕ್ಯಾನ್ ಹೆಚ್ಚುತ್ತದೆ, ಕೆಲಸದ ವೇಗ ತಗ್ಗುತ್ತದೆ. ನಿಖರ ಲಾಟ್ ಬದಲು, ಆ ಹೊತ್ತಿನಲ್ಲಿ ಆ ಜಾಗದಲ್ಲಿದ್ದ ಎರಡು ಮೂರು ಲಾಟ್‌ಗಳಲ್ಲಿ ಒಂದು ಎಂದು ಹೇಳಲು ಬಿಡಿ ಎಂದು ಅವರು ಕೇಳುತ್ತಿದ್ದಾರೆ.

ಪೂರೈಕೆದಾರರಿಗೆ ಇಲ್ಲೇ ಅಸಮಾಧಾನ. ನಮ್ಮಿಂದ ನಿಖರತೆ ಕೇಳುವವರು ತಮ್ಮ ಕೇಂದ್ರದಾಚೆಗೆ ರಿಯಾಯಿತಿ ಕೇಳುತ್ತಿದ್ದಾರೆ ಎಂದು ಅವರು ಹೇಳಿದರೆ ಅದರಲ್ಲಿ ನ್ಯಾಯವಿದೆ. ಖರ್ಚಿನ ಭಾರವೂ ಸಮನಾಗಿಲ್ಲ. ದೊಡ್ಡ ಕಂಪನಿಗೆ ಇದು ಸಾಫ್ಟ್‌ವೇರ್‌ನಲ್ಲಿ ಒಂದು ಬದಲಾವಣೆ. ವೆಬ್ ಪುಟದಲ್ಲಿ ಕೈಯಿಂದ ಎಎಸ್‌ಎನ್ ತುಂಬಿಸುವ ಸಣ್ಣ ಪ್ಯಾಕರ್‌ಗೆ ಪ್ರತಿ ಲಾರಿಗೂ ಹೆಚ್ಚುವರಿ ಕೆಲಸ, ಪ್ರತಿ ಸಾಲಿನಲ್ಲೂ ತಪ್ಪಿನ ಸಾಧ್ಯತೆ. ನನ್ನ ಅಭಿಪ್ರಾಯದಲ್ಲಿ ರಿಟೇಲರ್‌ಗಳ ಬೇಡಿಕೆ ಸರಿ, ಅವರ ದಂಡದ ಪದ್ಧತಿ ಸರಿಯಿಲ್ಲ. ಎಎಸ್‌ಎನ್ ತಡವಾದರೆ ದಂಡ ಕಟ್ಟಬೇಕಾದವರು ಸ್ಕ್ಯಾನ್‌ಗೆ ಕಾಯದೆ ಬೆಳಿಗ್ಗೆಯ ಪಟ್ಟಿಯಿಂದಲೇ ಕಳಿಸಿಬಿಡುತ್ತಾರೆ. ಲಾಟ್ ಖಾಲಿ ಬಿಟ್ಟದ್ದಕ್ಕೆ ದಂಡವಿದ್ದು ತಪ್ಪು ಲಾಟ್ ಬರೆದದ್ದಕ್ಕೆ ಇಲ್ಲದಿದ್ದರೆ ಏನಾದರೊಂದು ಬರೆದೇ ಬರೆಯುತ್ತಾರೆ.

## ಮಾಲೂರಿನಿಂದ ಹೊರಟ ಮಾವು

ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. ಭಾರತದ ಮಾವಿಗೆ ಅಮೆರಿಕದ ಬಾಗಿಲು ಮತ್ತೆ ತೆರೆದದ್ದು 2007ರಲ್ಲಿ, ಹಣ್ಣಿಗೆ 400 ಗ್ರೇ ವಿಕಿರಣ ಕೊಡಬೇಕೆಂಬ ಷರತ್ತಿನ ಮೇಲೆ. ಆ ವಿಕಿರಣ ನೀಡುವ ಕೇಂದ್ರವೊಂದು ಕೋಲಾರ ಜಿಲ್ಲೆಯ ಮಾಲೂರಿನಲ್ಲಿದೆ. ತಾಜಾ ಮಾವು ಎಫ್‌ಡಿಎ ಪಟ್ಟಿಯಲ್ಲಿರುವುದರಿಂದ, ಮತ್ತು ನಿಯಮ ವಿದೇಶಿ ಘಟಕಗಳಿಗೂ ಅನ್ವಯಿಸುವುದರಿಂದ, ಲಾಟ್ ಕೋಡ್ ಹುಟ್ಟಬೇಕಾದದ್ದು ಇಲ್ಲಿನ ಪ್ಯಾಕ್‌ಹೌಸ್‌ನಲ್ಲಿ. ಹಣ್ಣನ್ನು ಕತ್ತರಿಸಿ ಅಥವಾ ಬೇರೆ ರೀತಿ ಬದಲಿಸಿ ಹೊಸದಾಗಿ ಪ್ಯಾಕ್ ಮಾಡದ ಹೊರತು ಅಮೆರಿಕದ ಆಮದುದಾರ ತನ್ನ ಅನುಕೂಲಕ್ಕೆ ಅದನ್ನು ಅಳಿಸಿ ಬೇರೆ ಕೋಡ್ ಕೊಡುವಂತಿಲ್ಲ.

ನಮ್ಮ ರಫ್ತುದಾರರಿಗೆ ಲಾಟ್ ಬರೆದಿಡುವುದು ಹೊಸದಲ್ಲ. ಕೇಂದ್ರ ಸರ್ಕಾರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ ರಫ್ತಿನ ತೋಟಗಳನ್ನು ನೋಂದಾಯಿಸುವ ಮ್ಯಾಂಗೋನೆಟ್ ಇದೆ, ವಿಕಿರಣದ ದಾಖಲೆಗಳಿವೆ. ಕೊರತೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಆ ಸಂಖ್ಯೆ ಪ್ಯಾಕಿಂಗ್ ಲಿಸ್ಟ್‌ನ ಪಿಡಿಎಫ್‌ನಲ್ಲಿ ನಿಂತುಬಿಟ್ಟರೆ, ಆ ಕಡೆಯಲ್ಲಿ ಯಾರಾದರೂ ಓದಿ ಟೈಪ್ ಮಾಡಬೇಕು. ಅಲ್ಲಿ `O` ಮತ್ತು `0` ಅದಲುಬದಲಾದರೆ ಜಾಡು ಅಲ್ಲಿಗೇ ಮುಗಿಯಿತು. ಬಾಕ್ಸ್ ಮೇಲೆ ಲಾಟ್ ಇರುವ ಬಾರ್‌ಕೋಡ್, ಜೊತೆಗೆ ಬಾಕ್ಸ್ ಹಾಗೂ ಲಾಟ್‌ಗಳ ಪಟ್ಟಿಯಿರುವ ಸರಳ ಸ್ಪ್ರೆಡ್‌ಶೀಟ್, ಇವೆರಡನ್ನು ಕೊಟ್ಟರೆ ಆಮದುದಾರ ಅದರಿಂದಲೇ 856 ತಯಾರಿಸಬಲ್ಲ. ರಫ್ತುದಾರ ಸ್ವತಃ ಇಡಿಐ ಕೊಳ್ಳಬೇಕಾಗಿಲ್ಲ.

## ಮುಂದೇನಾಗಬಹುದು

2028ರ ಜುಲೈಗೆ ಮುನ್ನ ಜಾರಿ ಬೇಡವೆಂದು ಅಮೆರಿಕದ ಸಂಸತ್ತೂ ಎಫ್‌ಡಿಎಗೆ ಸೂಚಿಸಿರುವುದರಿಂದ ಜಾರಿ ಆ ದಿನಾಂಕಕ್ಕಿಂತ ಬೇಗ ಬರುವ ಸಾಧ್ಯತೆ ಇಲ್ಲ. ಅಲ್ಲಿಯವರೆಗೆ ಕಾನೂನಿನ ಜಾಗದಲ್ಲಿ ರಿಟೇಲರ್‌ಗಳ ಕರಾರುಗಳೇ ನಿಲ್ಲುತ್ತವೆ, ಅವು ಒಂದೊಂದೂ ಒಂದೊಂದು ರೀತಿ. ಒಬ್ಬರು ಲಾಟನ್ನು `LIN` ಸಾಲಿನಲ್ಲಿ ಕೇಳಿದರೆ ಮತ್ತೊಬ್ಬರು `REF` ಸಾಲಿನಲ್ಲಿ ಕೇಳಬಹುದು. ನಾಲ್ಕು ರಿಟೇಲರ್‌ಗಳಿಗೆ ಮಾರುವ ಪೂರೈಕೆದಾರ ಒಂದೇ ಎಎಸ್‌ಎನ್‌ನ ನಾಲ್ಕು ರೂಪಗಳನ್ನು ಸಂಭಾಳಿಸಬೇಕಾಗುತ್ತದೆ. ಇದನ್ನು ತಾಳಲಾಗದ ಸಣ್ಣವರು ಮಧ್ಯವರ್ತಿ ಇಡಿಐ ಸೇವೆಗಳ ಕಡೆಗೋ ದೊಡ್ಡ ಸಗಟು ವ್ಯಾಪಾರಿಗಳ ಕೆಳಗೋ ಸರಿಯುತ್ತಾರೆ.

ಇನ್ನೊಂದು ಬದಲಾವಣೆ ಹಣ್ಣು ಕೊಳ್ಳುವ ತೀರ್ಮಾನದಲ್ಲೇ ಆಗಲಿದೆ. ಎರಡು ಪ್ಯಾಕ್‌ಹೌಸ್‌ಗಳ ಮಾವು ಗುಣ, ಬೆಲೆ ಎರಡರಲ್ಲೂ ಒಂದೇ ಇದ್ದಾಗ, ಬಾಕ್ಸ್ ಮೇಲೆ ಸ್ಕ್ಯಾನ್ ಆಗುವ ಲಾಟ್ ಇರುವುದನ್ನೇ ಆಮದುದಾರ ಆರಿಸಿಕೊಳ್ಳುತ್ತಾನೆ, ಏಕೆಂದರೆ ಇನ್ನೊಂದರ ಪ್ರತಿ ಪ್ಯಾಲೆಟ್‌ಗೂ ಅವನೇ ಜನ ಕೂರಿಸಿ ಲೇಬಲ್ ಮಾಡಿಸಬೇಕು. 2028ರ ಜುಲೈ 20 ಬರುವುದು ಭಾರತದ ಮಾವಿನ ರಫ್ತಿನ ಕಾಲ ಮುಗಿಯುತ್ತ ಬಂದಾಗ. ಕಾನೂನಿನ ಲೆಕ್ಕದಲ್ಲಿ 2029ರ ಬೆಳೆಯೇ ಮೊದಲನೆಯದು ಎನ್ನಬಹುದು. ಆದರೆ ಅಮೆರಿಕದ ಆಮದುದಾರರು ಲಾಟ್ ಬಾರ್‌ಕೋಡ್ ಇದೆಯೇ ಎಂದು ಕೇಳುವುದು ಅದಕ್ಕೂ ಮೊದಲಿನ ಹಂಗಾಮುಗಳ ಕರಾರು ಕುದುರಿಸುವಾಗಲೇ.